ಹಬ್ಬದ ಪಾರ್ಸೆಲ್‌ನಲ್ಲಿ ನಾಲ್ಕು ಸಾಲು

ದಸರೆಗೆ ಚನ್ನಪಟ್ಟಣದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರಿ ಪೆಟ್ಟಿಗೆಯಲ್ಲೊಂದು ಧನ್ಯವಾದದ ಕಾರ್ಡ್ ಇಡುವುದಾದರೆ, ಅದು ಅಂಚೆ ಕಾರ್ಡಿನಷ್ಟಿದ್ದರೆ ಸಾಕು. ನುಣುಪಾದ ಹೊಳಪಿನ ಕಾಗದ ಬೇಡ, ಅದರ ಮೇಲೆ ಶಾಯಿ ಬೇಗ ಒಣಗದೆ ಹರಡುತ್ತದೆ. ಶುಭಾಶಯವನ್ನು ಅಚ್ಚು ಹಾಕಿಸಿ, ಕೆಳಗೆ ಕೈಬರಹಕ್ಕೆ ಜಾಗ ಬಿಡಬೇಕು.

ಅಲ್ಲಿ ಹೀಗೆ ಬರೆಯಬಹುದು: “ಸವಿತಾ ಅವರೇ, ನಮ್ಮ ದಿಬ್ಬಣದ ಗೊಂಬೆಗಳನ್ನು ಆರಿಸಿದ್ದಕ್ಕೆ ಧನ್ಯವಾದ. ಇದು ಅರಗಿನ ಬಣ್ಣ. ಬಿಸಿಲಿಗಿಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿ.” ಹೆಸರು, ಕೊಂಡ ವಸ್ತು, ಉಪಯೋಗದ ಒಂದು ಮಾತು ಇಷ್ಟೇ ಸಾಕು.

ಹಬ್ಬದ ಗಡಿಬಿಡಿಯಲ್ಲಿ ಕಾರ್ಡುಗಳು ಅದಲುಬದಲಾಗುತ್ತವೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಆರ್ಡರ್ ಸಂಖ್ಯೆ ಬರೆದಿಟ್ಟರೆ ತಪ್ಪುವುದಿಲ್ಲ. ಹಣ ಕೊಟ್ಟವರ ಹೆಸರೂ ವಿಳಾಸದ ಹೆಸರೂ ಬೇರೆಯಾಗಿದ್ದರೆ ಅದು ಉಡುಗೊರೆ ಇರಬಹುದು. ಯಾರ ಹೆಸರಿಗೆ ಬರೆಯಬೇಕೆಂದು ಮೊದಲು ಕೇಳಿಕೊಳ್ಳಿ.