ನಲವತ್ತೆಂಟು ಮಕ್ಕಳ ಆನ್‌ಲೈನ್ ತರಗತಿ

ಆನ್‌ಲೈನ್ ತರಗತಿಯ ಗದ್ದಲಕ್ಕೆ ಮಕ್ಕಳ ಮಾತೊಂದೇ ಕಾರಣವಲ್ಲ. ತೆರೆದಿರುವ ಒಂದೊಂದು ಮೈಕಿನಿಂದಲೂ ಒಂದೊಂದು ಮನೆಯ ಸದ್ದು ಒಳಗೆ ಬರುತ್ತದೆ: ಕುಕ್ಕರಿನ ಸೀಟಿ, ಟಿ.ವಿ. ಧಾರಾವಾಹಿ, ಪಕ್ಕದಲ್ಲೇ ಫೋನಿನಲ್ಲಿ ವ್ಯವಹಾರ ಮಾತಾಡುವ ಅಪ್ಪ. ಒಂದೇ ಕೋಣೆಯಲ್ಲಿ ಎರಡು ಫೋನುಗಳು ತರಗತಿಗೆ ಸೇರಿದ್ದರೆ ಒಂದರ ಸ್ಪೀಕರಿನ ದನಿ ಇನ್ನೊಂದರ ಮೈಕಿಗೆ ಹೊಕ್ಕು ಕಿವಿ ಚುಚ್ಚುವ ಕೀರಲು ಶಬ್ದವಾಗುತ್ತದೆ. ಜೂಮ್‌ನಲ್ಲಿ ಸದ್ದು ಮಾಡಿದವರ ಚಿತ್ರವೇ ಪರದೆಯ ಮುಂದಕ್ಕೆ ಬರುವುದರಿಂದ, ಸೀಟಿ ಕೂಗಿದ ಕ್ಷಣ ಟೀಚರ್ ಮಾಯವಾಗಿ ಯಾರದೋ ಅಡುಗೆಮನೆ ಕಾಣಿಸಿಕೊಳ್ಳುವುದೂ ಉಂಟು.

ಎರಡನೇ ತರಗತಿಯ 48 ಮಕ್ಕಳಿಗೆ ಜೂಮ್‌ನಲ್ಲಿ 30 ನಿಮಿಷ ಗಣಿತ ಕಲಿಸುವ ಸಂದರ್ಭವನ್ನು ತೆಗೆದುಕೊಳ್ಳಬಹುದು. ಈ ಅವಧಿ ಮನಸ್ಸಿಗೆ ಬಂದಂತೆ ಹಾಕಿಕೊಂಡದ್ದಲ್ಲ. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30–45 ನಿಮಿಷಗಳ ಎರಡು ಪಾಠಗಳಷ್ಟೇ ಸಾಕು ಎಂದಿತ್ತು.

ಮೊದಲ ಕೆಲಸ, ಪಾಠ ನಿಗದಿ ಮಾಡುವಾಗಲೇ Mute participants upon entry ಆಯ್ಕೆಯನ್ನು ಆನ್ ಮಾಡುವುದು. ಆಗ ಪ್ರತಿ ಮಗುವೂ ಮೈಕ್ ಮುಚ್ಚಿಕೊಂಡೇ ಒಳಗೆ ಬರುತ್ತದೆ. ನೆಟ್‌ವರ್ಕ್ ಹೋಗಿ ಮರಳಿ ಸೇರಿದ ಮಗುವಿಗೂ ಇದು ಅನ್ವಯ. ಆದರೆ ಇದರ ಕೆಲಸ ಬಾಗಿಲಲ್ಲೇ ಮುಗಿಯುತ್ತದೆ. ಒಳಗೆ ಬಂದ ಮಗು ಗುಂಡಿ ಒತ್ತಿ ಮೈಕ್ ತೆರೆಯಬಹುದು, ತೆರೆಯುತ್ತದೆ ಕೂಡ. ಅದನ್ನು ತಡೆಯಲು Participants ಪಟ್ಟಿಯ ಮೆನುವಿನಲ್ಲಿ Allow participants to unmute themselves ಎಂಬುದರ ಗುರುತನ್ನು ತೆಗೆಯಬೇಕು. ಹಲವರು ಈ ಎರಡನೆಯದನ್ನು ಬಿಟ್ಟು, ಮ್ಯೂಟ್ ಕೆಲಸ ಮಾಡುತ್ತಿಲ್ಲವೆಂದು ದೂರುತ್ತಾರೆ.

ಇದಕ್ಕೊಂದು ಬೆಲೆಯೂ ಇದೆ. ಟೀಚರ್ ತಾವಾಗಿ ಮಗುವಿನ ಮೈಕ್ ತೆರೆಯಲಾರರು. Ask to Unmute ಒತ್ತಿದಾಗ ಮಗುವಿನ ಪರದೆಗೆ ಒಂದು ಕೋರಿಕೆ ಬರುತ್ತದೆ, ಅದನ್ನು ಮಗುವೇ ಒಪ್ಪಬೇಕು. ಏಳು ವರ್ಷದ ಮಗುವಿಗೆ ಆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ಮೊದಲ ದಿನ ಪಾಠಕ್ಕಿಂತ ಮುಂಚೆ, “ಧನ್ಯಾ ಪುಟ್ಟಾ, ಈಗ ಪರದೆ ಮೇಲೆ ಏನೋ ಬಂತಲ್ವಾ, ಅಮ್ಮನ್ನ ಕೇಳಿ ಒತ್ತು” ಎಂದು ಒಬ್ಬೊಬ್ಬರಿಂದಲೂ ಅಭ್ಯಾಸ ಮಾಡಿಸಬೇಕಾಗುತ್ತದೆ. ಸಾಧನದ ಹೆಸರು ಅಪ್ಪನದೋ ಫೋನ್ ಕಂಪನಿಯದೋ ಆಗಿದ್ದರೆ Rename ಒತ್ತಿ ಮಗುವಿನ ಹೆಸರು ಹಾಕಿಸದೆ ಯಾರನ್ನೂ ಕರೆಯಲಾಗದು.

ಕೈ ಎತ್ತುವುದಕ್ಕೆ Raise Hand ಗುಂಡಿಯಿದೆ. ಎತ್ತಿದವರ ಹೆಸರು ಎತ್ತಿದ ಕ್ರಮದಲ್ಲೇ ಪಟ್ಟಿಯ ಮೇಲಕ್ಕೆ ಬರುತ್ತದೆ. ನ್ಯಾಯವಾಗಿ ಕಂಡರೂ ಇದು ಪೂರ್ತಿ ನ್ಯಾಯವಲ್ಲ: ವೇಗದ ಇಂಟರ್ನೆಟ್ ಇರುವ, ಪಕ್ಕದಲ್ಲಿ ಅಮ್ಮ ಕೂತಿರುವ ಮಗುವೇ ದಿನವೂ ಮೊದಲಾಗುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಎದ್ದ ಕೈಗಳೂ ಇರುತ್ತವೆ. “42ರಲ್ಲಿ 17 ಕಳೆದರೆ ಎಷ್ಟು?” ಎಂದು ಕೇಳಿ, ಎದ್ದಿರುವ ಕೈಗಳನ್ನೆಲ್ಲ ಇಳಿಸಿ, ಐದರವರೆಗೆ ಎಣಿಸಿದ ಮೇಲೆ ಎತ್ತಲು ಹೇಳಿದರೆ ಅವಸರ ಕಡಿಮೆಯಾಗುತ್ತದೆ. ಪಟ್ಟಿಯ ತುದಿಯಿಂದ ಒಬ್ಬರು, ಕೈಯೇ ಎತ್ತದವರಲ್ಲಿ ಒಬ್ಬರು ಎಂದು ಸರದಿ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಲೆಕ್ಕವನ್ನೂ ನೋಡಬೇಕು. ಹೆಸರು ಕರೆದು, ಮೈಕ್ ತೆರೆಸಿ, ಉತ್ತರ ಕೇಳಿ, ಮತ್ತೆ ಮುಚ್ಚಲು ಅರ್ಧ ನಿಮಿಷ ಹಿಡಿದರೆ, ಹತ್ತು ನಿಮಿಷದಲ್ಲಿ ಮಾತಾಡುವವರು ಇಪ್ಪತ್ತು ಮಕ್ಕಳು ಮಾತ್ರ. ಉಳಿದ 28 ಮಕ್ಕಳಿಗೆ ಸ್ಲೇಟೇ ಗತಿ. ಎಲ್ಲರೂ 25 ಎಂದು ಬರೆದು ಕ್ಯಾಮೆರಾಕ್ಕೆ ಹಿಡಿಯಬೇಕು. ಕಂಪ್ಯೂಟರಿನಲ್ಲಿ ಒಂದು ಪುಟಕ್ಕೆ 25 ಚಿತ್ರಗಳು ಕಾಣುವಂತಿದ್ದರೆ ಎರಡೇ ಪುಟದಲ್ಲಿ ತರಗತಿಯೆಲ್ಲ ಮುಗಿಯುತ್ತದೆ. 35 ಎಂದು ಬರೆದವರು ದಶಕ ತೆಗೆದುಕೊಂಡದ್ದನ್ನು ಮರೆತವರು ಎಂದೂ ಅಲ್ಲೇ ಗೊತ್ತಾಗುತ್ತದೆ. ತಮ್ಮ ಪರದೆಯಲ್ಲಿ ಅಂಕಿ ಕನ್ನಡಿಯಲ್ಲಿನಂತೆ ತಿರುಗಿ ಕಂಡು ಕೆಲವು ಮಕ್ಕಳು ಗಾಬರಿಯಾಗಿ ಅಳಿಸುತ್ತಾರೆ; ಟೀಚರಿಗೆ ಅದು ಸರಿಯಾಗಿಯೇ ಕಾಣುತ್ತದೆ ಎಂದು ಮೊದಲೇ ಹೇಳಿಡಬೇಕು.

ಚಾಟ್‌ನಲ್ಲಿ ಚಿಕ್ಕ ಮಕ್ಕಳು ಬರೆಯುವುದು ಕಡಿಮೆ, ಒತ್ತುವುದೇ ಹೆಚ್ಚು: ಸಾಲುಸಾಲು ನಗೆಮುಖ, ಅರ್ಥವಿಲ್ಲದ ಅಕ್ಷರ. ನಿಜವಾದ ಅಪಾಯ ಬೇರೆ. ಒಬ್ಬರು ಇನ್ನೊಬ್ಬರಿಗೆ ನೇರವಾಗಿ ಕಳಿಸಿದ ಸಂದೇಶ ಟೀಚರಿಗೆ ಕಾಣುವುದಿಲ್ಲ. ಅಲ್ಲಿ ಗೇಲಿಯೋ ಬೈಗುಳವೋ ನಡೆದರೂ ತಿಳಿಯದು. ಆದ್ದರಿಂದ ಚಾಟ್ Host and co-hosts ಎಂಬುದಕ್ಕೆ ಸೀಮಿತವಾಗಿರಬೇಕು. “ಸದ್ದು ಕೇಳಿಸ್ತಿಲ್ಲ”, “ಹೋಂವರ್ಕ್ ಯಾವ ಪುಟ” ಎಂಬ ಪೋಷಕರ ಸಂದೇಶಗಳನ್ನು ಸಹ-ಹೋಸ್ಟ್ ಆಗಿರುವ ಇನ್ನೊಬ್ಬ ಟೀಚರ್ ನೋಡಿಕೊಳ್ಳಬಹುದು. ತಡವಾಗಿ ಸೇರಿದವರಿಗೆ ಹಿಂದಿನ ಸಂದೇಶಗಳು ಸಾಮಾನ್ಯವಾಗಿ ಕಾಣದ ಕಾರಣ ಪುಟಸಂಖ್ಯೆಯನ್ನು ಕೊನೆಯಲ್ಲಿ ಮತ್ತೊಮ್ಮೆ ಹಾಕಬೇಕು.

ಸಹ-ಹೋಸ್ಟ್ ಸಿಗದಿದ್ದರೆ ಚಾಟನ್ನು No one ಎಂದು ಪೂರ್ತಿ ಮುಚ್ಚಿ, 48 ಮಕ್ಕಳನ್ನು 24ರಂತೆ ಎರಡು ತಂಡ ಮಾಡುವುದೇ ಸರಿ.