ಈ ಮರವನ್ನು ಎಲ್ಲಿ ಕತ್ತರಿಸಬೇಕು?

ಐರಿಸ್ ಹೂಗಳ ದತ್ತಾಂಶ ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಪರಿಚಿತ. 1936ರಲ್ಲಿ ಫಿಶರ್ ಬಳಸಿ ಹೆಸರಾದದ್ದು. ಮೂರು ಪ್ರಭೇದಗಳಿಂದ ತಲಾ 50 ಹೂ, ಪ್ರತಿ ಹೂವಿಗೂ ನಾಲ್ಕು ಅಳತೆ. ಪ್ರಭೇದದ ಹೆಸರನ್ನು ಮುಚ್ಚಿಟ್ಟು, ಅಳತೆಯಲ್ಲಿ ಹತ್ತಿರವಿರುವ ಹೂಗಳನ್ನು ಜೋಡಿಸುತ್ತ ಹೋದರೆ ಒಂದು ಮರದ ಚಿತ್ರ ಸಿಗುತ್ತದೆ. ಅದೇ ಡೆಂಡ್ರೋಗ್ರಾಮ್.

ಓದುವಾಗ ಬಹಳ ಜನ ಎಡವುವುದು ಒಂದೇ ಕಡೆ: ಕೆಳಗೆ ಅಕ್ಕಪಕ್ಕ ನಿಂತ ಹೂಗಳು ಹತ್ತಿರದ ನೆಂಟರೆಂದುಕೊಳ್ಳುತ್ತಾರೆ. ಯಾವ ಕವಲನ್ನಾದರೂ ಎಡಬಲ ತಿರುಗಿಸಿಡಬಹುದು, ಮರದ ಅರ್ಥ ಬದಲಾಗದು. ನೋಡಬೇಕಾದ್ದು ಎರಡು ಕವಲು ಕೂಡುವ ಅಡ್ಡಗೆರೆಯ ಎತ್ತರವನ್ನು. ಕೆಳಗೇ ಕೂಡಿದರೆ ಹೋಲಿಕೆ ಹೆಚ್ಚು, ಮೇಲೆ ಹೋಗಿ ಕೂಡಿದರೆ ಕಡಿಮೆ.

ಕತ್ತರಿಸುವುದೆಂದರೆ ಒಂದು ಎತ್ತರದಲ್ಲಿ ಅಡ್ಡಗೆರೆ ಎಳೆದು, ಅದು ದಾಟುವ ಲಂಬಗೆರೆಗಳನ್ನು ಎಣಿಸುವುದು. ಎಷ್ಟು ಗೆರೆಯೋ ಅಷ್ಟು ಗುಂಪು. ಕೂಡಿಕೆಗಳೇ ಇಲ್ಲದ ದೊಡ್ಡ ಖಾಲಿ ಅಂತರದಲ್ಲಿ ಕತ್ತರಿಸಿ ಎನ್ನುವುದು ರೂಢಿಯ ಸಲಹೆ. ಐರಿಸ್‌ನಲ್ಲಿ ಹಾಗೆ ಮಾಡಿದರೆ ಸಿಗುವುದು ಎರಡೇ ಗುಂಪು! ಸೆಟೋಸಾ ಒಂದು ಕಡೆ. ವರ್ಸಿಕಲರ್, ವರ್ಜಿನಿಕಾ ಒಟ್ಟಾಗಿ ಇನ್ನೊಂದು ಕಡೆ. ಗೆರೆ ತಪ್ಪಿಲ್ಲ, ಆ ನಾಲ್ಕು ಅಳತೆಗಳಲ್ಲಿ ಅವೆರಡೂ ಬೆರೆತೇ ಇವೆ. ಮೂರಾಗುವಂತೆ ಕೆಳಗೆ ಕತ್ತರಿಸಿದರೆ ಕೆಲವು ವರ್ಜಿನಿಕಾಗಳು ವರ್ಸಿಕಲರ್ ಪಾಲಾಗುತ್ತವೆ.

ಗುಂಪುಗಳ ನಡುವಿನ ದೂರಕ್ಕೆ ಅತಿ ಸಮೀಪದ ಜೋಡಿಯನ್ನಷ್ಟೇ ನೋಡುವ 'ಸಿಂಗಲ್ ಲಿಂಕೇಜ್' ಬಳಸಿದರಂತೂ ಮೂರನೆಯ ಗುಂಪಿಗೆ ಬೆರಳೆಣಿಕೆಯ ಹೂಗಳಷ್ಟೇ ದಕ್ಕುತ್ತವೆ. ಹಾಗಾಗಿ ಲಿಂಕೇಜ್ ಬದಲಿಸಿ ಇನ್ನೊಮ್ಮೆ ಮರ ಕಟ್ಟಿ ನೋಡಿ. ಎರಡರಲ್ಲೂ ಉಳಿಯುವ ಗುಂಪನ್ನು ಮಾತ್ರ ನಂಬಿ.