ಹೊರಡುವವರ ಸುಂಕ, ಉಳಿಯುವವರ ವ್ಯಯ

ಮ್ಯೂಚುವಲ್ ಫಂಡಿನ ಖರ್ಚನ್ನು ವಿಚಾರಿಸಹೊರಟ ಗೃಹಸ್ಥನ ದೃಷ್ಟಿ ಸಹಜವಾಗಿಯೇ ಮೊದಲು ನೆಡುವುದು ವೆಚ್ಚ ಅನುಪಾತವೆಂಬ ಒಂದೇ ಅಂಕಿಯ ಮೇಲೆ. ನಿರ್ವಹಣೆಯ ಸಂಭಾವನೆ, ಏಜೆಂಟರ ಕಮಿಷನ್, ಲೆಕ್ಕಪತ್ರಗಳ ವ್ಯಯ ಇವೆಲ್ಲವೂ ಅದರಲ್ಲಿ ಅಡಗಿದ್ದು, ದಿನದಿನವೂ ಎನ್‌ಎವಿಯಿಂದ ಸದ್ದಿಲ್ಲದೆ ಕಳೆದುಹೋಗುತ್ತಿರುತ್ತವೆ. ಆದರೆ ಆ ಅಂಕಿಯ ಪರಿಧಿಯ ಹೊರಗೆ ನಿಂತ ವ್ಯಯಗಳು ಎರಡುಂಟು: ಹಣ ಹಿಂತೆಗೆಯುವವನಿಂದ ವಸೂಲಾಗುವ ಎಕ್ಸಿಟ್ ಲೋಡ್ ಒಂದು, ಫಂಡು ತನ್ನ ಷೇರುಗಳನ್ನು ಮಾರಿ ಬೇರೆಯವನ್ನು ಕೊಳ್ಳುವಾಗ ತೆರುವ ಖರ್ಚು ಇನ್ನೊಂದು. ಈ ಎರಡನೆಯದರ ಪ್ರಮಾಣವನ್ನು ಊಹಿಸಲು ನಮಗಿರುವ ಸೂಚಕವೇ ಪೋರ್ಟ್‌ಫೋಲಿಯೊ ಟರ್ನೋವರ್ ರೇಶಿಯೊ. ಇವು ಮೇಲ್ನೋಟಕ್ಕೆ ಪರಸ್ಪರ ಸಂಬಂಧವಿಲ್ಲದವುಗಳಂತೆ ತೋರಿದರೂ, ಎಕ್ಸಿಟ್ ಲೋಡ್ ಕಾಲಕ್ರಮದಲ್ಲಿ ಪಡೆದ ರೂಪಾಂತರವನ್ನು ನೋಡಿದರೆ, ಎರಡರ ಮೂಲವೂ ಒಂದೇ ಎಂಬುದು ವಿಶದವಾಗುತ್ತದೆ.

1996ರ ಸೆಬಿ ನಿಯಮಾವಳಿಯ ಪ್ರಕಾರ ಫಂಡು ತನ್ನ ಯೂನಿಟ್ಟನ್ನು ಎನ್‌ಎವಿಯ ಶೇ 107ಕ್ಕಿಂತ ಹೆಚ್ಚಿನ ಬೆಲೆಗೆ ಮಾರಕೂಡದಾಗಿತ್ತು, ಶೇ 93ಕ್ಕಿಂತ ಕಡಿಮೆ ಬೆಲೆಗೆ ಮರಳಿ ಕೊಳ್ಳಕೂಡದಾಗಿತ್ತು. ಈ ವಿಶಾಲವಾದ ಅವಕಾಶದೊಳಗೆ ರೂಢಿಗೆ ಬಂದದ್ದು ಪ್ರವೇಶದ ಬಾಗಿಲಲ್ಲೇ ಸುಂಕವನ್ನು ಹಿಡಿದುಕೊಳ್ಳುವ ಪದ್ಧತಿ. ಷೇರು ಫಂಡುಗಳಲ್ಲಿ ಅದು ಸಾಮಾನ್ಯವಾಗಿ ಶೇ 2.25ರಷ್ಟಿದ್ದು, ಒಂದು ಲಕ್ಷ ರೂಪಾಯಿ ಕೊಟ್ಟವನ ಹೆಸರಿನಲ್ಲಿ ಸುಮಾರು 97,750 ರೂಪಾಯಿ ಮಾತ್ರ ಹೂಡಿಕೆಯಾಗುತ್ತಿತ್ತು. ಉಳಿದದ್ದು ಬಹುಮಟ್ಟಿಗೆ ಏಜೆಂಟರ ಪಾಲಿಗೆ ಸಲ್ಲುತ್ತಿತ್ತು. 2009ರ ಆಗಸ್ಟ್ 1ರಿಂದ ಸೆಬಿ ಈ ಪ್ರವೇಶ ಸುಂಕವನ್ನು ಸಂಪೂರ್ಣವಾಗಿ ರದ್ದುಗೊಳಿಸಿತು.

ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬಾಗಿಲ ಕಡೆಗೆ ಎಲ್ಲರ ಗಮನ ಹೊರಳಿದ್ದು ಆಶ್ಚರ್ಯವಲ್ಲ. ವರ್ಷದೊಳಗೆ ಹೊರಟರೆ ಶೇ 1 ಎಂಬ ಇಂದಿನ ಪರಿಚಿತ ಷರತ್ತು ವ್ಯಾಪಕವಾದದ್ದು ಆ ಬಳಿಕವೇ. ಆಗಿನ ನಿಯಮವೇ ಇದಕ್ಕೆ ಅನುಕೂಲವಾಗಿತ್ತೆನ್ನಬೇಕು: ಹಿಂತೆಗೆದ ಮೊತ್ತದ ಶೇ 1ರವರೆಗಿನ ಲೋಡನ್ನು ಕಂಪನಿಯು ಪ್ರತ್ಯೇಕ ಖಾತೆಯಲ್ಲಿಟ್ಟು ಕಮಿಷನ್ನಿಗೂ ಪ್ರಚಾರಕ್ಕೂ ಬಳಸಬಹುದಾಗಿತ್ತು, ಅದಕ್ಕೆ ಮೀರಿದ್ದು ಮಾತ್ರ ಯೋಜನೆಗೆ ಸೇರತಕ್ಕದ್ದಾಗಿತ್ತು. ಹೊರಡುವವನು ತೆತ್ತ ಹಣದಿಂದ ಹೊಸಬನನ್ನು ಕರೆತರುವ ಈ ಏರ್ಪಾಡಿನಲ್ಲಿ, ಹೊರಡುವವನಿಂದಾಗಿ ನಷ್ಟಕ್ಕೊಳಗಾಗುವ ಉಳಿದವರಿಗೆ ಏನೂ ದೊರೆಯುತ್ತಿರಲಿಲ್ಲ.

ಉಳಿದವರಿಗೆ ನಷ್ಟವೆಲ್ಲಿಂದ ಬಂತು ಎಂದು ಕೇಳಬಹುದು. ದೊಡ್ಡ ಮೊತ್ತವೊಂದು ಹೊರಹೋಗುವಾಗ ಫಂಡು ಷೇರುಗಳನ್ನು ಮಾರಿ ಹಣ ಹೊಂದಿಸಬೇಕು. ಆ ಮಾರಾಟದ ದಲ್ಲಾಳಿಯೂ ತೆರಿಗೆಯೂ ಯೋಜನೆಯ ಬೊಕ್ಕಸದಿಂದಲೇ ಹೋಗುತ್ತವೆ. ಹೊರಡುವವನು ಅಂದಿನ ಎನ್‌ಎವಿಯನ್ನು ಕೈಗೆತ್ತಿಕೊಂಡು ನಡೆದುಬಿಡುತ್ತಾನೆ, ಅವನ ನಿರ್ಗಮನದ ಖರ್ಚು ಮಾತ್ರ ಕುಳಿತವರ ಲೆಕ್ಕಕ್ಕೆ ಸೇರುತ್ತದೆ. 2012ರ ಅಕ್ಟೋಬರ್ 1ರಿಂದ ಲೋಡಿನ ಹಣವೆಲ್ಲವೂ ಯೋಜನೆಗೇ ಜಮೆಯಾಗತಕ್ಕದ್ದೆಂದು ಸೆಬಿ ವಿಧಿಸಿದಾಗ, ಈ ಅನ್ಯಾಯಕ್ಕೆ ಪರಿಹಾರ ದೊರೆತಂತಾಯಿತು. ಆದರೆ ಅದೇ ಉಸಿರಿನಲ್ಲಿ, ಕೈತಪ್ಪಿದ ಆದಾಯಕ್ಕೆ ಪ್ರತಿಯಾಗಿ, ನೂರು ರೂಪಾಯಿಗೆ ವರ್ಷಕ್ಕೆ 20 ಪೈಸೆಯವರೆಗೆ ಹೆಚ್ಚುವರಿ ವೆಚ್ಚವನ್ನು ಯೋಜನೆಯ ಮೇಲೆ ಹಾಕಲು ಕಂಪನಿಗಳಿಗೆ ಅನುಮತಿಯೂ ದೊರೆಯಿತು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಪಡೆದಂತಾದ ಈ ರಿಯಾಯಿತಿ 2018ರಲ್ಲಿ 5 ಪೈಸೆಗೆ ಇಳಿಯಿತೆಂಬುದು ಸಮಾಧಾನದ ಸಂಗತಿ.

ಇಷ್ಟಾದರೂ ಲೋಡಿನ ಭಾರವನ್ನು ಜನ ಲಘುವಾಗಿ ಎಣಿಸುವುದುಂಟು. ಎನ್‌ಎವಿ 40 ರೂಪಾಯಿ ಇದ್ದಾಗ ಎರಡು ಲಕ್ಷ ಹೂಡಿ 5,000 ಯೂನಿಟ್ ಪಡೆದವನೊಬ್ಬ, ಒಂಬತ್ತು ತಿಂಗಳ ಮೇಲೆ ಅದು 44 ಆದಾಗ ಎಲ್ಲವನ್ನೂ ಮಾರಿದನೆನ್ನಿ. ಶೇ 1ರ ಲೋಡ್ ಲಾಭದ ಮೇಲಲ್ಲ, ಸಮಗ್ರ ಮೊತ್ತದ ಮೇಲೆ ಬೀಳುವುದರಿಂದ, 2,20,000 ರೂಪಾಯಿಯಲ್ಲಿ 2,200 ಕಳೆದುಹೋಗುತ್ತದೆ. ಇದು ಅವನು ಗಳಿಸಿದ 20,000ದ ಶೇ 11ರಷ್ಟಾಯಿತು. ತಿಂಗಳ ಕಂತಿನಲ್ಲಿ ಹೂಡುವವನ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಪ್ರತಿಯೊಂದು ಕಂತಿಗೂ ಪ್ರತ್ಯೇಕವಾದ ಒಂದು ವರ್ಷದ ಅವಧಿಯಿದ್ದು, ಮೊದಲು ಕೊಂಡ ಯೂನಿಟ್ ಮೊದಲು ಮಾರಿದಂತೆ ಎಣಿಕೆಯಾಗುತ್ತದಾದ್ದರಿಂದ, ಎಸ್‌ಐಪಿ ಆರಂಭಿಸಿ ವರ್ಷವಾಯಿತೆಂದು ನಿಶ್ಚಿಂತೆಯಿಂದ ಎಲ್ಲವನ್ನೂ ತೆಗೆದವನಿಗೆ, ಹನ್ನೆರಡು ಕಂತುಗಳಲ್ಲಿ ಮೊದಲನೆಯದೊಂದೇ ಲೋಡಿನಿಂದ ಮುಕ್ತವಾಗಿರುವುದು ಸ್ಟೇಟ್‌ಮೆಂಟ್ ಕೈಸೇರಿದ ಮೇಲೆ ತಿಳಿಯುತ್ತದೆ. ಒಂದು ಯೋಜನೆಯಿಂದ ಮತ್ತೊಂದಕ್ಕೆ ಸ್ವಿಚ್ ಮಾಡುವುದೂ ಮಾರಾಟವೆಂದೇ ಪರಿಗಣಿತವಾಗುತ್ತದೆ.

ಕಂಪನಿಯ ಗಳಿಕೆಯಾಗಿದ್ದ ಲೋಡ್ ಹೀಗೆ ಉಳಿದವರ ರಕ್ಷಣೆಯ ಸಾಧನವಾದದ್ದಕ್ಕೆ 2019ರ ಲಿಕ್ವಿಡ್ ಫಂಡ್ ನಿಯಮ ಸ್ಪಷ್ಟವಾದ ನಿದರ್ಶನ. ಆ ವರ್ಷದ ಅಕ್ಟೋಬರ್ 20ರಿಂದ ಮೊದಲ ದಿನವೇ ಹಣ ತೆಗೆದವನಿಗೆ ಲಕ್ಷಕ್ಕೆ 7 ರೂಪಾಯಿ ಲೋಡ್. ದಿನಕ್ಕೆ 50 ಪೈಸೆಯಂತೆ ಇಳಿಯುತ್ತ ಆರನೆಯ ದಿನ ನಾಲ್ಕೂವರೆ ರೂಪಾಯಿ, ಏಳನೆಯ ದಿನದಿಂದ ಏನೂ ಇಲ್ಲ. ಇಷ್ಟು ಅಲ್ಪ ಮೊತ್ತದಿಂದ ಯಾವ ಕಂಪನಿಯ ಬೊಕ್ಕಸವೂ ತುಂಬದು. ಕೋಟಿಗಟ್ಟಲೆ ಹಣವನ್ನು ಒಂದೆರಡು ದಿನದ ಮಟ್ಟಿಗೆ ಇಟ್ಟು ತೆಗೆಯುವ ಸಂಸ್ಥೆಗಳಿಗೆ ಅದೊಂದು ತಡೆಯಷ್ಟೆ.

ಇನ್ನು ಎರಡನೆಯ ವ್ಯಯ. ಹೊರಡುವವರು ಯಾರೂ ಇಲ್ಲದಿರುವಾಗಲೂ, ಫಂಡಿನ ನಿರ್ವಾಹಕನು ತನ್ನ ಅಭಿಪ್ರಾಯ ಬದಲಾದಾಗಲೆಲ್ಲ ಷೇರುಗಳನ್ನು ಮಾರಿ ಕೊಳ್ಳುತ್ತಾನೆ. ಅದೇ ದಲ್ಲಾಳಿ, ಅದೇ ತೆರಿಗೆ, ಅದೇ ಬೊಕ್ಕಸ. ಆದರೆ ಇದನ್ನು ತುಂಬಿಕೊಡುವ ಲೋಡ್ ಇಲ್ಲ. ಟರ್ನೋವರ್ ರೇಶಿಯೊ ಎಂದರೆ, ಹನ್ನೆರಡು ತಿಂಗಳ ಖರೀದಿ ಹಾಗೂ ಮಾರಾಟಗಳಲ್ಲಿ ಯಾವುದು ಕಡಿಮೆಯೋ ಅದನ್ನು ಸರಾಸರಿ ಆಸ್ತಿಯಿಂದ ಭಾಗಿಸಿದಾಗ ಬರುವ ಫಲ. ಕಡಿಮೆಯದನ್ನೇ ಆರಿಸಿಕೊಳ್ಳುವುದು ಸಕಾರಣವಾದದ್ದು: ಸರಾಸರಿ 1,000 ಕೋಟಿಯ ಫಂಡೊಂದು 1,400 ಕೋಟಿಯ ಷೇರುಗಳನ್ನು ಕೊಂಡು 900 ಕೋಟಿಯವನ್ನು ಮಾರಿದರೆ, ಹೆಚ್ಚಿನ 500 ಕೋಟಿ ಹೊಸದಾಗಿ ಬಂದ ಹಣದ ಹೂಡಿಕೆಯೇ ಹೊರತು ಅದಲುಬದಲಲ್ಲ, ಅದರ ರೇಶಿಯೊ ಶೇ 90.

ಆದರೆ ಈ 90ರ ಹಿಂದೆ 900 ಕೋಟಿಯ ಮಾರಾಟವೂ ಅಷ್ಟೇ ಮೊತ್ತದ ಖರೀದಿಯೂ ಇವೆಯೆಂಬುದನ್ನು ಮರೆಯಲಾಗದು. ಷೇರು ವಹಿವಾಟು ತೆರಿಗೆ ಎರಡೂ ಕಡೆ ನೂರಕ್ಕೆ 10 ಪೈಸೆಯಂತೆ 1.80 ಕೋಟಿ, ಖರೀದಿಯ ಮೇಲಿನ ಮುದ್ರಾಂಕ ಶುಲ್ಕ ಶೇ 0.015ರಂತೆ ಸುಮಾರು 13.5 ಲಕ್ಷ; ದಲ್ಲಾಳಿಯನ್ನು ನೂರಕ್ಕೆ 5 ಪೈಸೆಯೆಂದು ಊಹಿಸಿದರೆ 90 ಲಕ್ಷ. ಒಟ್ಟು ಸುಮಾರು 2.83 ಕೋಟಿ, ಅಂದರೆ ಆಸ್ತಿಯ ಶೇ 0.28. ಡೈರೆಕ್ಟ್ ಪ್ಲಾನಿನಲ್ಲಿ ವೆಚ್ಚ ಅನುಪಾತವೇ ಶೇ 0.80 ಇರುವವನಿಗೆ ಇದು ಅದರ ಮೂರನೆಯ ಒಂದು ಭಾಗಕ್ಕೂ ಮೀರಿದ ಗುಪ್ತವ್ಯಯ. ದಲ್ಲಾಳಿಯು ಕೊಂಡ ಷೇರಿನ ಅಸಲಿಗೇ ಸೇರಿಕೊಂಡು ವೆಚ್ಚ ಅನುಪಾತದ ಹೊರಗೆ ಉಳಿಯುವುದಕ್ಕೆ ಸೆಬಿ 2012ರಲ್ಲಿ ನೂರಕ್ಕೆ 12 ಪೈಸೆಯ ಎಲ್ಲೆಯನ್ನು ಹಾಕಿತ್ತು, 2025ರ ಡಿಸೆಂಬರಿನಲ್ಲಿ ಆ ಎಲ್ಲೆಯನ್ನು ತಗ್ಗಿಸಲು ನಿರ್ಧರಿಸಿತು.

ಈ ಲೆಕ್ಕಕ್ಕೆ ಸಿಕ್ಕದ ಅಂಶವೊಂದು ಇನ್ನೂ ಉಳಿಯುತ್ತದೆ. ದೊಡ್ಡ ಫಂಡು ಸಣ್ಣ ಕಂಪನಿಯ ಷೇರನ್ನು ಕೊಳ್ಳತೊಡಗಿದೊಡನೆ ಬೆಲೆ ಏರುತ್ತದೆ, ಮಾರತೊಡಗಿದೊಡನೆ ಕುಸಿಯುತ್ತದೆ. ಈ ಅಂತರದಲ್ಲಿ ನಷ್ಟವಾಗುವುದು ಯಾವ ರಶೀತಿಯಲ್ಲೂ ಕಾಣದು. ಆದಕಾರಣ ಶೇ 60ರ ರೇಶಿಯೊ ಲಾರ್ಜ್ ಕ್ಯಾಪ್ ಫಂಡಿನಲ್ಲಿ ನಿರುಪದ್ರವಿಯಾಗಿದ್ದು ಸ್ಮಾಲ್ ಕ್ಯಾಪ್ ಫಂಡಿನಲ್ಲಿ ದುಬಾರಿಯಾಗಬಹುದು. ಆರ್ಬಿಟ್ರೇಜ್ ಫಂಡುಗಳಲ್ಲಂತೂ ಫ್ಯೂಚರ್ಸ್ ವ್ಯವಹಾರವನ್ನು ಸೇರಿಸಿದಾಗ ರೇಶಿಯೊ ನೂರನ್ನು ಎಷ್ಟೋ ಪಟ್ಟು ದಾಟುವುದರಿಂದ, ಅದನ್ನು ಷೇರು ಫಂಡಿನೊಡನೆ ತೂಗಿ ನೋಡುವುದು ಅರ್ಥಹೀನ.

ಇಂಥ ಅಗೋಚರ ವ್ಯಯ ಸ್ವಲ್ಪಮಟ್ಟಿಗೆ ಕಣ್ಣಿಗೆ ಬೀಳುವುದು ಇಂಡೆಕ್ಸ್ ಫಂಡುಗಳಲ್ಲಿ ಮಾತ್ರ. ಅಲ್ಲಿ ಸೂಚ್ಯಂಕದ ಗಳಿಕೆಗೂ ಫಂಡಿನ ಗಳಿಕೆಗೂ ಇರುವ ವ್ಯತ್ಯಾಸವನ್ನು ಟ್ರ್ಯಾಕಿಂಗ್ ಡಿಫರೆನ್ಸ್ ಎಂಬ ಹೆಸರಿನಲ್ಲಿ ಪ್ರಕಟಿಸತಕ್ಕದ್ದು. ಅದರಿಂದ ವೆಚ್ಚ ಅನುಪಾತವನ್ನು ಕಳೆದರೆ, ಉಳಿಯುವುದರಲ್ಲಿ ಕೈಯಲ್ಲಿಟ್ಟ ನಗದಿನ ಪರಿಣಾಮದೊಡನೆ ಅದಲುಬದಲಿನ ಖರ್ಚೂ ಬೆರೆತಿರುತ್ತದೆ. ನಿರ್ವಾಹಕನೇ ಷೇರು ಆರಿಸುವ ಫಂಡಿನಲ್ಲಿ ಹೀಗೆ ಕಳೆದು ನೋಡಲು ಮಾನದಂಡವಿಲ್ಲ. ಫ್ಯಾಕ್ಟ್‌ಶೀಟಿನ ಮೂಲೆಯಲ್ಲಿರುವ ಟರ್ನೋವರ್ ರೇಶಿಯೊವನ್ನು ಅದೇ ವರ್ಗದ ಇತರ ಫಂಡುಗಳದರೊಡನೆ, ಒಂದು ತಿಂಗಳದ್ದಲ್ಲ, ಮೂರು ನಾಲ್ಕು ವರ್ಷಗಳದ್ದನ್ನು ಹೋಲಿಸಿ ನೋಡುವುದೊಂದೇ ಅಲ್ಲಿ ಉಳಿದ ಉಪಾಯ.